ಹಸ್ತಾಂತರದ ಎರಡು ಪತ್ರಗಳು

ಸಂಸ್ಥೆಯೊಂದರ ಮುಖ್ಯಾಧಿಕಾರಿ ಬದಲಾಗುವಾಗ ಸಮಸ್ತ ನೌಕರರಿಗೂ ಒಂದು ಪತ್ರ ಬರುವುದು ವಾಡಿಕೆ. ಅಂಥ ಪತ್ರ ಕೈಗೆ ಬಂದರೆ, ಅದರಲ್ಲಿರುವ ಅಭಯವಚನಗಳನ್ನು ಬದಿಗಿರಿಸಿ ಮೂರು ಸಂಗತಿಗಳನ್ನು ಮಾತ್ರ ನಾನು ಹುಡುಕುತ್ತೇನೆ: ಹೋಗುವವರು ಎಂದಿನವರೆಗೆ ಇರುತ್ತಾರೆ, ಬರುವವರು ಯಾರು, ನಡುವಣ ಕಾಲದಲ್ಲಿ ಹೊಣೆ ಯಾರದು. ಗುಮಾಸ್ತನಿಂದ ಹಿಡಿದು ವ್ಯವಸ್ಥಾಪಕನವರೆಗೆ ಎಲ್ಲರ ಮನಸ್ಸಿನಲ್ಲೂ ಏಳುವ ಪ್ರಶ್ನೆಗಳು ಇವೇ ಆಗಿವೆ.

ಮೈಕ್ರೋಸಾಫ್ಟ್ ಸಂಸ್ಥೆಯ ಸ್ಟೀವ್ ಬಾಲ್ಮರ್ ಅವರು 2013ರ ಆಗಸ್ಟ್ 23ರಂದು ಬರೆದ ಪತ್ರ ಈ ದೃಷ್ಟಿಯಿಂದ ಗಮನಾರ್ಹವಾದುದು. ಉತ್ತರಾಧಿಕಾರಿ ಆಯ್ಕೆಯಾದ ಬಳಿಕ, ಹನ್ನೆರಡು ತಿಂಗಳೊಳಗೆ ತಾವು ನಿವೃತ್ತರಾಗುವುದಾಗಿ ಅವರು ತಿಳಿಸಿದರು. ತಾವು ಸೇರಿದಾಗ ಮೂವತ್ತಕ್ಕೆ ತುಸು ಮಿಕ್ಕಿದ್ದ ನೌಕರರ ಸಂಖ್ಯೆ ಒಂದು ಲಕ್ಷಕ್ಕೆ ಸಮೀಪಿಸಿದ್ದನ್ನು ನೆನೆದರು. ಆಗಷ್ಟೇ ರೂಪಿಸಿದ್ದ ಹೊಸ ಆಡಳಿತ ವ್ಯವಸ್ಥೆ ಸರಿಯಾದುದೆಂದು ಭರವಸೆಯಿತ್ತರು. ಮೊದಲ ಮತ್ತು ಮೂರನೆಯ ಪ್ರಶ್ನೆಗಳಿಗೆ ಉತ್ತರ ದೊರೆಯಿತು, ಎರಡನೆಯದಕ್ಕೆ ಇರಲಿಲ್ಲ. 2011ರಲ್ಲಿ ಆಪಲ್ ಸಂಸ್ಥೆಯ ಸ್ಟೀವ್ ಜಾಬ್ಸ್ ಅವರು ರಾಜೀನಾಮೆಯ ಪತ್ರದಲ್ಲಿಯೇ ಟಿಮ್ ಕುಕ್ ಅವರ ಹೆಸರನ್ನು ಸೂಚಿಸಿದ್ದರು. ಇಲ್ಲಿ ಹಾಗಾಗಲಿಲ್ಲ; ಹೆಸರಿನ ಬದಲು ಆಯ್ಕೆ ಸಮಿತಿಯೊಂದು ರಚಿತವಾಯಿತು. ಹೋಗುವುದು ನಿಶ್ಚಿತವಾದ ಅಧಿಕಾರಿಯ ಕೈಕೆಳಗೆ ಐದು ತಿಂಗಳಿಗೂ ಮಿಕ್ಕಿ ಕೆಲಸ ಸಾಗಬೇಕಾಯಿತು. ಇಂಥ ಕಾಲದಲ್ಲಿ ದೊಡ್ಡ ನಿರ್ಣಯಗಳನ್ನು ‘ಹೊಸಬರು ಬರಲಿ’ ಎಂದು ಮುಂದೂಡುವ ಪ್ರವೃತ್ತಿ ಎಲ್ಲೆಡೆ ಸಹಜವಾಗಿ ಬೆಳೆಯುತ್ತದೆ. ಸಭೆಗಳು ನಡೆಯುತ್ತವೆ, ಮಂಜೂರಾತಿ ಮಾತ್ರ ಬರುವುದಿಲ್ಲ. ಪತ್ರದ ಅಭಯ ಫಲಿಸಿಲ್ಲವೆಂಬುದರ ಗುರುತು ಅದೇ.

2014ರ ಫೆಬ್ರವರಿ 4ರಂದು ಹೆಸರು ಪ್ರಕಟವಾಯಿತು. ನಮ್ಮ ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದಿದ ಸತ್ಯ ನಾದೆಲ್ಲ ಅವರು ಅಂದೇ ನೌಕರರಿಗೆ ಪತ್ರ ಬರೆದರು. ಇಪ್ಪತ್ತೆರಡು ವರ್ಷಗಳ ಹಿಂದೆ ಸಂಸ್ಥೆಗೆ ಸೇರಿದ ಮೊದಲ ದಿನವನ್ನು ನೆನೆದು, ತಾನು ಯಾರು, ಇಲ್ಲಿರುವುದೇಕೆ, ಮುಂದೇನು ಎಂಬ ಪ್ರಶ್ನೆಗಳನ್ನು ತಾವೇ ಹಾಕಿಕೊಂಡು ಉತ್ತರಿಸಿದರು. ತಮ್ಮ ವಯಸ್ಸು, ಸಂಸಾರಗಳನ್ನೂ ಮುಚ್ಚುಮರೆಯಿಲ್ಲದೆ ಹೇಳಿದರು. (ಅಪರಿಚಿತನಲ್ಲವೆಂದು ತೋರಿಸಲು ಇದಕ್ಕಿಂತ ಸರಳವಾದ ಮಾರ್ಗವಿಲ್ಲ.) ಸ್ಥಾಪಕರಾದ ಬಿಲ್ ಗೇಟ್ಸ್ ಅವರು ಅಧ್ಯಕ್ಷಪದವಿಯನ್ನು ಬಿಟ್ಟರೂ ಸಲಹೆಗಾರರಾಗಿ ಹೆಚ್ಚಿನ ಸಮಯ ಕೊಡುವರೆಂಬುದು ಅಂದೇ ತಿಳಿದುಬಂತು. ಹಳೆಯದರ ಕೊಂಡಿ ಹೀಗೆ ವ್ಯಕ್ತಿಯ ರೂಪದಲ್ಲಿ ಕಣ್ಣಿಗೆ ಕಂಡಿತು.

ಆದರೂ ನನಗೆ ಮೆಚ್ಚುಗೆಯಾದದ್ದು ಆ ಪತ್ರದಲ್ಲಿ ಇಲ್ಲದ ಒಂದು ಮಾತು. ಎಲ್ಲವೂ ಮೊದಲಿನಂತೆಯೇ ಇರುವುದೆಂದು ನಾದೆಲ್ಲ ಬರೆಯಲಿಲ್ಲ. ಈ ಉದ್ಯಮವು ಪರಂಪರೆಯನ್ನಲ್ಲ, ಹೊಸತನವನ್ನು ಗೌರವಿಸುತ್ತದೆ ಎಂಬರ್ಥದಲ್ಲಿ ಬರೆದರು. ಅದೇ ವರ್ಷದ ಜುಲೈ 17ರಂದು 18,000ದವರೆಗೆ ಹುದ್ದೆಗಳನ್ನು ಕಡಿಮೆ ಮಾಡುವ ಕಠಿಣ ಪತ್ರವನ್ನೂ ಅವರೇ ಬರೆಯಬೇಕಾಯಿತು. ಇವುಗಳಲ್ಲಿ ಸುಮಾರು 12,500 ಹುದ್ದೆಗಳು ಆಗಷ್ಟೇ ಕೊಂಡಿದ್ದ ನೋಕಿಯಾ ದೂರವಾಣಿ ವಿಭಾಗಕ್ಕೆ ಸಂಬಂಧಿಸಿದವು. ಕೆಲಸ ಕಳೆದುಕೊಳ್ಳುವವರಲ್ಲಿ ಬಹುಪಾಲಿನವರಿಗೆ ಆರು ತಿಂಗಳೊಳಗೆ ತಿಳಿಸುವುದಾಗಿ ಅದರಲ್ಲಿತ್ತು. ಅದನ್ನು ಓದಿದವರಿಗೆ ನೋವಾಗಿದ್ದೀತು, ಕೋಪವೂ ಬಂದೀತು. ಫೆಬ್ರವರಿಯ ಪತ್ರವನ್ನು ಮುಂದಿಟ್ಟು ಸುಳ್ಳೆನ್ನಲು ಮಾತ್ರ ಅದರಲ್ಲಿ ಅಂಥದೊಂದು ವಾಕ್ಯ ಇರಲಿಲ್ಲ.