ಮದುವೆಯ ಲೆಹಂಗಾ ಮಾರುವಾಗ ಏನೆಂದು ಬರೆಯಬೇಕು

ನಾದಿನಿಯ ಮಗಳು ಬರೆದು ತಂದದ್ದು ಇಷ್ಟೇ: "ಮರೂನ್ ಬಣ್ಣದ ಮದುವೆ ಲೆಹಂಗಾ, ಒಮ್ಮೆ ಮಾತ್ರ ಹಾಕಿದ್ದು, ಸೈಜ್ ಎಂ, ಕಲೆ ಇಲ್ಲ, ಒಂಬತ್ತು ಸಾವಿರ." ಇದನ್ನು ಊರಿನ ಗ್ರೂಪಿಗೆ ಹಾಕುವುದೆಂದು ಹೊರಟಿದ್ದಳು. ನಾನು ತಡೆದೆ. ಲವ್‌ಡೇಲ್‌ನಲ್ಲಿ ಮನೆಯಲ್ಲೇ ಹೊಲಿಗೆ ಮಾಡಿಕೊಂಡು ಬಂದವಳು ನಾನು, ಆ ಲೆಹಂಗಾದ ಒಳಗೆ ಎಷ್ಟು ಕತ್ತರಿ ಆಡಿದೆ ಎಂದು ನನಗೆ ಗೊತ್ತು. ಕೊಳ್ಳುವವರು ಬಂಟ್ವಾಳದಲ್ಲೋ ಉಪ್ಪಿನಂಗಡಿಯಲ್ಲೋ ಇರುತ್ತಾರೆ. ಮುಟ್ಟಿ ನೋಡಲು ಘಟ್ಟ ಹತ್ತಿ ಇಲ್ಲಿಗೆ ಬರುವವರಲ್ಲ. ನಿಕಾಹ್‌ಗೆ ಮೂರು ವಾರ ಇರುವಾಗ ಪಾರ್ಸೆಲ್ ಬಿಚ್ಚಿ, ತೋಳೇ ಏರುವುದಿಲ್ಲ ಎಂದಾದರೆ ಆ ಮನೆಯವರು ಒಂಬತ್ತು ಸಾವಿರವನ್ನೂ ಕಳೆದುಕೊಂಡು, ಹೊಸತು ಹೊಲಿಸಲು ಸಮಯವನ್ನೂ ಕಳೆದುಕೊಳ್ಳುತ್ತಾರೆ.

ಮೊದಲು ಲೆಹಂಗಾವನ್ನು ಒಳಮೈ ಹೊರಗೆ ಮಾಡಿ ಮಂಚದ ಮೇಲೆ ಹರಡಿದೆವು. ಹೊರಗಿನ ಜರಿ ಕೆಲಸ ಎಲ್ಲವನ್ನೂ ಮುಚ್ಚಿಕೊಳ್ಳುತ್ತದೆ, ಲೈನಿಂಗ್ ಏನನ್ನೂ ಮುಚ್ಚಿಡುವುದಿಲ್ಲ. ಬ್ಲೌಸಿನ ಕಂಕುಳಲ್ಲಿ ಬೆವರಿನ ಉಂಗುರದಂತಹ ಗುರುತು, ಲಂಗದ ಲೈನಿಂಗಿನ ಅಂಚಿನಲ್ಲಿ ಹೀಲ್ಡ್ ಚಪ್ಪಲಿ ಸಿಕ್ಕಿ ನಾಲ್ಕು ಬೆರಳಿನಷ್ಟು ಹರಿದು ಮತ್ತೆ ಹೊಲಿದ ಜಾಗ, ಮಡಿಕೆಯ ಗೆರೆಯಲ್ಲಿ ಸಣ್ಣ ಕಪ್ಪು ಚುಕ್ಕೆಗಳು. ಈ ಚುಕ್ಕೆಗಳು ನಮ್ಮ ಬೆಟ್ಟದ ಕೊಡುಗೆ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಬೀರುವಿನಲ್ಲಿಟ್ಟರೆ ಇಲ್ಲಿಯ ಮಂಜಿಗೆ ಬೂಷ್ಟು ಹಿಡಿಯದೆ ಇರುವುದಿಲ್ಲ. ಬೂಷ್ಟು ಬಟ್ಟೆಗೆ ಹತ್ತಿದೆಯೋ ಲೈನಿಂಗಿಗೆ ಮಾತ್ರವೋ ಎಂದು ನೋಡಬೇಕು. ಲೈನಿಂಗಿಗೆ ಮಾತ್ರವಾದರೆ ಟೈಲರ್ ಅದನ್ನು ಬದಲಿಸಿ ಕೊಡುತ್ತಾನೆ. ಇದರಲ್ಲಿ ಚುಕ್ಕೆ ಲೈನಿಂಗ್ ದಾಟಿರಲಿಲ್ಲ. ಲಂಗ ಉಬ್ಬಿ ನಿಲ್ಲಲು ಒಳಗೆ ಹೊಲಿಯುವ ಕ್ಯಾನ್‌ಕ್ಯಾನ್ ನೆಟ್ ಮಡಚಿಟ್ಟು ಮಡಚಿಟ್ಟು ಬಿಗಿ ಕಳೆದುಕೊಂಡಿತ್ತು. ಫೋಟೋದಲ್ಲಿ ಇದು ಕಾಣುವುದೇ ಇಲ್ಲ, ಹಾಕಿದಾಗ ಲಂಗ ಜೋತು ಬಿದ್ದಂತೆ ಕಾಣುತ್ತದೆ.

ಕಲೆ ಇಲ್ಲ ಎಂದು ಅವಳು ಹೇಳಿದ್ದು ಸುಳ್ಳಲ್ಲ, ಅವಳು ನೋಡಿದ್ದು ರಾತ್ರಿ ಟ್ಯೂಬ್‌ಲೈಟಿನಲ್ಲಿ. ಮರುದಿನ ಬಿಸಿಲು ಬರುವವರೆಗೆ ಕಾದೆವು. ಮಂಜು ಮುಚ್ಚಿದ ಬೆಳಕಿಗೆ ಬಣ್ಣ ಸರಿಯಾಗಿ ಕಾಣುತ್ತದೆ, ಎಣ್ಣೆಯ ಕಲೆ ಕಾಣಲಿಕ್ಕೆ ಓರೆ ಬೆಳಕು ಬೇಕು. ಕಿಟಕಿಯ ಬಳಿ ಬಟ್ಟೆಯನ್ನು ಓರೆ ಹಿಡಿದಾಗ ತೊಡೆಯ ಜಾಗದಲ್ಲಿ ಒಂದು ರೂಪಾಯಿ ನಾಣ್ಯದಷ್ಟು ದಟ್ಟ ಬಣ್ಣದ ಗುರುತು ಕಂಡಿತು. ಬಿರಿಯಾನಿಯದೋ ಅತ್ತರಿನದೋ, ಎರಡೂ ಎಣ್ಣೆಯೇ. ಅದರ ಮೇಲೆ ಇಸ್ತ್ರಿ ಎಳೆಯಬೇಡ ಎಂದೆ, ಬಿಸಿಗೆ ಎಣ್ಣೆ ಇನ್ನಷ್ಟು ಕಚ್ಚಿಕೊಳ್ಳುತ್ತದೆ. ಬಲಗೈ ತೋಳಿನ ತುದಿಯ ಒಳಗೆ ಮೈಲಾಂಜಿಯ ಕೇಸರಿ ಗುರುತು. ಮೈಲಾಂಜಿ ರೇಷ್ಮೆಗೆ ಹತ್ತಿದರೆ ಅದು ಕಲೆಯಲ್ಲ, ಬಣ್ಣವೇ. ಚರ್ಮಕ್ಕೂ ಕೂದಲಿಗೂ ಹಿಡಿಯುವ ಹಾಗೆಯೇ ರೇಷ್ಮೆಯ ನೂಲಿಗೂ ಹಿಡಿಯುತ್ತದೆ, ಡ್ರೈಕ್ಲೀನಿಂಗ್‌ಗೆ ಕೊಟ್ಟರೂ ಹೋಗುತ್ತದೆಂದು ಮಾತು ಕೊಡಬಾರದು. ಎರಡರ ಪಕ್ಕದಲ್ಲೂ ನಾಣ್ಯ ಇಟ್ಟು ಫೋಟೋ ತೆಗೆದೆವು. ನಾಣ್ಯವಿಲ್ಲದೆ ತೆಗೆದರೆ ಕಲೆ ಬೊಟ್ಟಿನಷ್ಟೋ ಅಂಗೈಯಷ್ಟೋ ಎಂದು ನೋಡುವವರಿಗೆ ತಿಳಿಯುವುದಿಲ್ಲ.

ಇನ್ನು ಸೈಜ್. "ಎಂ" ಎಂಬುದು ಅಂಗಡಿಯ ಚೀಟಿಯ ಮಾತು. ಈ ಬ್ಲೌಸ್ ಅಂಗಡಿಯಿಂದ ಬಂದಾಗ ತೋಳು ಮೊಣಕೈವರೆಗೂ ಇರಲಿಲ್ಲ, ಬೆನ್ನು ಅರ್ಧ ತೆರೆದಿತ್ತು. ನಮ್ಮ ಮನೆಗಳಲ್ಲಿ ನಡೆಯುವ ಹಾಗೆ ಉದ್ದ ತೋಳು ಸೇರಿಸಿ, ಬೆನ್ನು ಮುಚ್ಚಿಸಿ, ಕೆಳಗೆ ಪಟ್ಟಿ ಕೊಟ್ಟು ಉದ್ದ ಮಾಡಿಸಿದ್ದಾಯಿತು. ಹೀಗಾಗಿ ಚೀಟಿಗೂ ಬ್ಲೌಸಿಗೂ ಈಗ ಸಂಬಂಧವಿಲ್ಲ. ಹುಕ್ಕು ಹಾಕಿ, ಸಮತಟ್ಟಾಗಿ ಹರಡಿ, ಕಂಕುಳಿಂದ ಕಂಕುಳಿಗೆ ಟೇಪ್ ಹಿಡಿದೆ: ಹದಿನೆಂಟೂವರೆ ಇಂಚು, ಅಂದರೆ ಸುತ್ತಳತೆ 37. ಇದು ಬಟ್ಟೆಯ ಅಳತೆ. ಉಸಿರಾಡಲು ಒಂದೂವರೆ ಇಂಚು ಸಡಿಲ ಬಿಟ್ಟರೆ ಮೈ ಅಳತೆ ಮೂವತ್ತೈದೂವರೆಗೆ ಸರಿ. ಯಾವುದು ಬಟ್ಟೆಯ ಅಳತೆ, ಯಾವುದು ಮೈ ಅಳತೆ ಎಂದು ಬರೆಯದಿದ್ದರೆ ಈ ಒಂದೂವರೆ ಇಂಚಿನಲ್ಲೇ ಜಗಳ ಹುಟ್ಟುತ್ತದೆ.

ಬದಿಯ ಹೊಲಿಗೆಯಲ್ಲಿ ಒಂದೊಂದು ಪದರಕ್ಕೆ ಒಂದಿಂಚು ಮಾರ್ಜಿನ್ ಇತ್ತು. ಹೊಲಿಗೆ ಹಿಡಿಯಲು ಕಾಲು ಇಂಚು ಉಳಿಸಿದರೆ ಮುಕ್ಕಾಲು ಇಂಚು ಬಿಡಿಸಬಹುದು. ಎರಡು ಬದಿ, ಮುಂದೆ ಹಿಂದೆ ಸೇರಿ ನಾಲ್ಕು ಪದರ, ಒಟ್ಟು ಮೂರು ಇಂಚು. ಆಗ ಮೂವತ್ತೆಂಟರ ಮೈಗೂ ಆಗುತ್ತದೆ. ಬಿಡಿಸಿದ ಜಾಗದಲ್ಲಿ ಹಳೆ ಸೂಜಿಯ ತೂತುಗಳು ಕಾಣುತ್ತವೆ, ಕಸೂತಿಯೂ ಅಲ್ಲಿಯವರೆಗೆ ಬಂದಿಲ್ಲ. ಕಂಕುಳ ಕೆಳಗಾದ್ದರಿಂದ ದುಪಟ್ಟಾ ಮುಚ್ಚುತ್ತದೆ, ಆದರೂ ಹೇಳಿಯೇ ಮಾರಬೇಕು. ಸಣ್ಣ ಮಾಡುವುದಾದರೆ ಎರಡಿಂಚಿನವರೆಗೆ, ಅದಕ್ಕಿಂತ ಹಿಡಿದರೆ ಕುತ್ತಿಗೆ ಜಾರುತ್ತದೆ.

ಇಲ್ಲಿಗೆ ಅವಳು ಫೋನ್ ತೆಗೆದು "34ರಿಂದ 38" ಎಂದು ಬರೆಯಲು ಶುರು ಮಾಡಿದಳು.

"ತೋಳು ನೋಡಿದೆಯಾ?" ಎಂದೆ.

ಸೇರಿಸಿದ ತೋಳಿಗೆ ಉಳಿದ ಬಟ್ಟೆ ಕಡಿಮೆ ಇದ್ದದ್ದರಿಂದ ಟೈಲರ್ ಮಾರ್ಜಿನ್ ಬಿಟ್ಟದ್ದು ಅರ್ಧ ಇಂಚು ಮಾತ್ರ. ತೋಳಿನ ಮೇಲ್ಭಾಗದ ಸುತ್ತಳತೆ ಹನ್ನೆರಡು, ಎಷ್ಟು ಬಿಡಿಸಿದರೂ ಹನ್ನೆರಡೂವರೆ. ಎದೆ 38 ಇರುವ ಹುಡುಗಿಯ ತೋಳು ಹದಿಮೂರು ಇದ್ದರೆ ಈ ಬ್ಲೌಸ್ ಅವಳಿಗೆ ಆಗುವುದಿಲ್ಲ. ಎಲ್ಲಿ ಅತಿ ಬಿಗಿಯೋ ಆ ಜಾಗದ ಅಳತೆಯೇ ಬಟ್ಟೆಯ ಸೈಜ್. ಹೀಗಾಗಿ ಎದೆಯ ಅಳತೆಗಿಂತ ಮೊದಲು ತೋಳಿನದನ್ನು ಬರೆಸಿದೆ. ಒಂದು ಗೇಣಿನಷ್ಟು ಅದೇ ಬಟ್ಟೆ ಪುಣ್ಯಕ್ಕೆ ಉಳಿದಿತ್ತು, ಅದನ್ನೂ ಜೊತೆಗೆ ಕಳಿಸುವುದೆಂದಾಯಿತು.

ಲಂಗದ ಸೊಂಟಪಟ್ಟಿ 30. ಲಾಡಿ ಎಳೆದರೆ 28, ಹುಕ್ಕು ಸರಿಸಿದರೆ 32. ಕಳಿಗಳ ನಡುವಿನ ಹೊಲಿಗೆಯ ಮೇಲೆಯೇ ಕಸೂತಿ ಹಾದುಹೋಗಿರುವುದರಿಂದ ಅವನ್ನು ಬಿಚ್ಚುವ ಹಾಗಿಲ್ಲ. ಉದ್ದ 41 ಇಂಚು. ಕೆಳಗೆ ಬಾರ್ಡರ್ ಇದ್ದ ಕಾರಣ ಗಿಡ್ಡ ಮಾಡುವಾಗ ಮೇಲಿನಿಂದ ಎರಡಿಂಚು ಕತ್ತರಿಸಿದ್ದು, ಮಡಚಿದ್ದಲ್ಲ. ಮಡಚಿದ್ದಾದರೆ ಬಿಡಿಸಬಹುದಿತ್ತು, ಕತ್ತರಿಸಿದ್ದು ಮರಳಿ ಬರುವುದಿಲ್ಲ. ಎತ್ತರದ ಹುಡುಗಿಗೆ ಒಂದೇ ದಾರಿ, ಸೊಂಟದಲ್ಲಿ ಸಾದಾ ಬಟ್ಟೆಯ ಪಟ್ಟಿ ಕೊಡುವುದು. ಬ್ಲೌಸ್ ಉದ್ದ ಇರುವುದರಿಂದ ಅದು ಹೊರಗೆ ಕಾಣದು. ಚಪ್ಪಲಿ ಹಾಕಿ ನಿಂತು ಸೊಂಟದಿಂದ ನೆಲದವರೆಗೆ ಅಳೆದು ಅರ್ಧ ಇಂಚು ಕಳೆದರೆ ಬೇಕಾದ ಉದ್ದ ಸಿಗುತ್ತದೆ.

ಕೊನೆಗೆ ಗ್ರೂಪಿಗೆ ಹೋದದ್ದು ಹೀಗೆ:

"ಮರೂನ್ ರೇಷ್ಮೆ ಲೆಹಂಗಾ, ಒಮ್ಮೆ ಹಾಕಿದ್ದು, ಡ್ರೈಕ್ಲೀನ್ ಮಾಡಿಸಿಲ್ಲ. ತೋಳಿನ ಸುತ್ತಳತೆ (ಬಟ್ಟೆ) 12, ಬಿಡಿಸಿದರೆ 12.5. ಎದೆ ಮೈ ಅಳತೆ 34ರಿಂದ 38, ಈಗ 35.5ಕ್ಕೆ ಇದೆ. ಸೊಂಟ 28ರಿಂದ 32. ಲಂಗದ ಉದ್ದ 41, ಮೇಲಿನಿಂದ ಕತ್ತರಿಸಿದ್ದು, ಉದ್ದ ಮಾಡಲು ಪಟ್ಟಿ ಬೇಕು. ತೋಳು, ಬೆನ್ನು, ಬ್ಲೌಸಿನ ಕೆಳಪಟ್ಟಿ ನಂತರ ಸೇರಿಸಿದ್ದು. ತೊಡೆಯಲ್ಲಿ ಎಣ್ಣೆಯ ಗುರುತು ಒಂದು, ತೋಳಿನ ಒಳಗೆ ಮೈಲಾಂಜಿ, ಫೋಟೋ ನೋಡಿ. ಬ್ಲೌಸಿನ ಲೈನಿಂಗ್‌ನಲ್ಲಿ ಬೆವರಿನ ಗುರುತು, ಲಂಗದ ಲೈನಿಂಗ್‌ನಲ್ಲಿ ಬೂಷ್ಟಿನ ಚುಕ್ಕೆ ಮತ್ತು ಒಂದು ಹೊಲಿಗೆ. ಲೈನಿಂಗ್, ಕ್ಯಾನ್‌ಕ್ಯಾನ್ ಬದಲಿಸಬೇಕು. ಏಳು ಸಾವಿರ."

ಎರಡು ಸಾವಿರ ಇಳಿಸಿದ್ದಕ್ಕೆ ಅವಳ ಮುಖ ಸಣ್ಣದಾಯಿತು. ಲೈನಿಂಗ್, ನೆಟ್, ಕೂಲಿ ಸೇರಿ ಕೊಳ್ಳುವವರಿಗೆ ಅಷ್ಟು ಖರ್ಚು ಬಿದ್ದೇ ಬೀಳುತ್ತದೆ. ನಾಲ್ಕನೇ ದಿನ ವಿಟ್ಲದ ಕಡೆಯಿಂದ ಒಬ್ಬರು ಉಮ್ಮ ಫೋನ್ ಮಾಡಿದರು. ಬೆಲೆ ಕೇಳಲಿಲ್ಲ, ಕಲೆ ಕೇಳಲಿಲ್ಲ.

"ಮಗಳ ತೋಳು ಹನ್ನೊಂದೂವರೆ. ಆ ಉಳಿದ ತುಂಡು ಮರೆಯದೆ ಹಾಕಿ ಕಳಿಸುತ್ತೀರಲ್ಲಾ?" ಎಂದರು.