ಬಾಣದ ಮೇಲಿನ ಮಾತು

ನಾನು ಪುಣೆಯ ಒಂದು ಜೂನಿಯರ್ ಕಾಲೇಜಿನಲ್ಲಿ ಹನ್ನೊಂದನೆಯ ತರಗತಿಗೆ ಜೀವಶಾಸ್ತ್ರ ಕಲಿಸುತ್ತೇನೆ. ದ್ಯುತಿಸಂಶ್ಲೇಷಣೆ ಎಂದರೇನು ಎಂದು ಕೇಳಿದರೆ ಮಕ್ಕಳು ಸಮೀಕರಣದ ಸಮೇತ ಬರೆಯುತ್ತಾರೆ. ಉಸಿರಾಟದ ಪ್ರಶ್ನೆಗೂ ಉತ್ತರ ಸಿದ್ಧವಾಗಿರುತ್ತದೆ. ಇವೆರಡಕ್ಕೂ ಏನು ನಂಟು ಎಂಬುದು ಮಾತ್ರ ಆ ಉತ್ತರಗಳಲ್ಲಿ ಕಾಣುವುದಿಲ್ಲ. ಅದನ್ನು ನೋಡಲು ನಾನು ಪರಿಕಲ್ಪನಾ ನಕ್ಷೆ ಬರೆಸುತ್ತೇನೆ.

ಇದನ್ನು 1972ರಲ್ಲಿ ರೂಪಿಸಿದವರು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಜೋಸೆಫ್ ನೊವಾಕ್ ಮತ್ತು ಅವರ ಸಂಗಡಿಗರು. ಮಕ್ಕಳ ವಿಜ್ಞಾನದ ತಿಳಿವಳಿಕೆ ವರ್ಷದಿಂದ ವರ್ಷಕ್ಕೆ ಹೇಗೆ ಬದಲಾಗುತ್ತದೆಂದು ಅವರು ಸಂದರ್ಶನಗಳ ಮೂಲಕ ನೋಡುತ್ತಿದ್ದರು. ಬರೆದಿಟ್ಟ ಅಷ್ಟೊಂದು ಮಾತಿನಲ್ಲಿ ಆ ಬದಲಾವಣೆಯನ್ನು ಗುರುತಿಸುವುದು ಕಷ್ಟವಾದಾಗ ಅದನ್ನು ನಕ್ಷೆಯಾಗಿ ಬಿಡಿಸಿದರು.

ನಾನು ಬೋರ್ಡಿನ ಮೇಲೆ ಒಂದು ಪ್ರಶ್ನೆ ಬರೆಯುತ್ತೇನೆ: ಗಿಡಕ್ಕೆ ಶಕ್ತಿ ಎಲ್ಲಿಂದ ಬರುತ್ತದೆ? ಜೊತೆಗೆ ಎಂಟು ಪದ ಕೊಡುತ್ತೇನೆ: ಗಿಡ, ಬೆಳಕು, ದ್ಯುತಿಸಂಶ್ಲೇಷಣೆ, ಗ್ಲೂಕೋಸ್, ಆಮ್ಲಜನಕ, ಉಸಿರಾಟ, ಮೈಟೋಕಾಂಡ್ರಿಯ, ಎಟಿಪಿ. ಪದಗಳನ್ನು ಬಾಣದಿಂದ ಜೋಡಿಸಬೇಕು, ಪ್ರತಿ ಬಾಣದ ಮೇಲೂ ಕ್ರಿಯಾಪದ ಇರಬೇಕು. ಪದ, ಬಾಣ, ಪದ ಎಂದು ಓದಿದರೆ ಅದೊಂದು ವಾಕ್ಯವಾಗಬೇಕು. ಆ ವಾಕ್ಯ ಸರಿಯೋ ತಪ್ಪೋ ಎಂದು ಹೇಳಲು ಬರಬೇಕು. ‘ಸಂಬಂಧಿಸಿದೆ’ ಎಂದು ಬರೆದರೆ ನಾನು ಒಪ್ಪುವುದಿಲ್ಲ. ಅದು ಎಲ್ಲಿಗೂ ಹೊಂದುತ್ತದೆ, ಏನನ್ನೂ ಹೇಳುವುದಿಲ್ಲ.

ಘಟಕ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ತೆಗೆದ ಹುಡುಗಿಯೊಬ್ಬಳು ಹೀಗೆ ಬರೆದಿದ್ದಳು: ‘ಗಿಡ ಹಗಲಿನಲ್ಲಿ ನಡೆಸುತ್ತದೆ ದ್ಯುತಿಸಂಶ್ಲೇಷಣೆ’, ‘ಗಿಡ ರಾತ್ರಿ ನಡೆಸುತ್ತದೆ ಉಸಿರಾಟ’. ಗ್ಲೂಕೋಸಿಗೆ ಬಾಣ ಬಂದಿತ್ತು, ಅಲ್ಲಿಂದ ಮುಂದಕ್ಕೆ ಹೋಗಿರಲಿಲ್ಲ. ಎರಡು ಕವಲುಗಳು ಎಲ್ಲೂ ಸೇರಿರಲಿಲ್ಲ.

“ಈ ಗ್ಲೂಕೋಸ್ ಏನಾಗುತ್ತೆ?” ಎಂದೆ.

“ಶೇಖರಣೆ ಆಗುತ್ತೆ, ಮ್ಯಾಡಮ್.”

“ಹಗಲಲ್ಲಿ ಬೇರಿನ ಜೀವಕೋಶಕ್ಕೆ ಎಟಿಪಿ ಬೇಡ್ವಾ? ಅಲ್ಲಿ ಬೆಳಕೇ ಇಲ್ವಲ್ಲ?”

ಸ್ವಲ್ಪ ಹೊತ್ತು ಯೋಚಿಸಿ ‘ರಾತ್ರಿ’ ಎಂಬುದನ್ನು ಹೊಡೆದು ‘ಸದಾ’ ಎಂದು ಬರೆದಳು. ಗ್ಲೂಕೋಸಿನಿಂದ ಉಸಿರಾಟಕ್ಕೆ ಬಾಣ ಎಳೆದು ‘ಒಡೆಯಲ್ಪಡುತ್ತದೆ’ ಎಂದಳು. ದ್ಯುತಿಸಂಶ್ಲೇಷಣೆಯಿಂದ ಹೊರಟ ಆಮ್ಲಜನಕವೂ ಉಸಿರಾಟಕ್ಕೆ ಬಂದು ಸೇರಿತು. ಕವಲಿನಿಂದ ಕವಲಿಗೆ ಹೋಗುವ ಇಂಥ ಬಾಣಕ್ಕೆ ಅಡ್ಡಕೊಂಡಿ ಎನ್ನಬಹುದು.

ನೊವಾಕ್ ಮತ್ತು ಗೋವಿನ್ 1984ರ ತಮ್ಮ ಪುಸ್ತಕದಲ್ಲಿ ಅಂಕ ಕೊಡುವ ಕ್ರಮವೊಂದನ್ನು ಹೇಳಿದ್ದಾರೆ. ಸರಿಯಾದ ವಾಕ್ಯಕ್ಕೆ 1, ಮೇಲಿನಿಂದ ಕೆಳಕ್ಕೆ ಸರಿಯಾಗಿ ಇಳಿಯುವ ಪ್ರತಿ ಹಂತಕ್ಕೆ 5, ಅರ್ಥಪೂರ್ಣವಾದ ಅಡ್ಡಕೊಂಡಿಗೆ 10. ಅಡ್ಡಕೊಂಡಿಗೆ ಅಷ್ಟು ತೂಕ ಏಕೆ ಎಂಬುದು ಆ ಹುಡುಗಿಯ ಹಾಳೆ ನೋಡಿದರೆ ತಿಳಿಯುತ್ತದೆ. ಆದರೆ ಈ ಕ್ರಮ ಹಾಗೇ ಹಾಕಿದರೆ ಹಂತಗಳನ್ನು ಉದ್ದ ಮಾಡಿದವರಿಗೆ ಅಂಕ ಹೆಚ್ಚುತ್ತದೆ, ತಪ್ಪು ವಾಕ್ಯ ಮೊತ್ತದಲ್ಲಿ ಮುಚ್ಚಿಹೋಗುತ್ತದೆ. ಹಾಗಾಗಿ ನಾನು ಮೊತ್ತ ಬರೆಯುವುದಿಲ್ಲ. ತಪ್ಪು ಬಾಣಕ್ಕೆ ಸುತ್ತು ಹಾಕಿ, ಇರಬೇಕಾದ ಕಡೆ ಬಾಣ ಇಲ್ಲದಿದ್ದರೆ ಚುಕ್ಕೆ ಇಟ್ಟು ಹಾಳೆ ವಾಪಸು ಕೊಡುತ್ತೇನೆ.

ಸಿದ್ಧ ನಕ್ಷೆಯನ್ನು ಬೋರ್ಡಿನ ಮೇಲೆ ಬಿಡಿಸುವುದೂ ಇಲ್ಲ. ಬಿಡಿಸಿದರೆ ಮರುದಿನ ಅದೂ ಬಾಯಿಪಾಠವಾಗಿರುತ್ತದೆ. ಬಾಯಿಪಾಠವೋ ತಿಳಿವಳಿಕೆಯೋ ಎಂದು ನೋಡಲು ಒಂದು ಹೊಸ ಪದ ಸೇರಿಸಿದರೆ ಸಾಕು. ಕಳೆದ ಸಲ ಸೇರಿಸಿದ್ದು ‘ಮೊಳಕೆಯೊಡೆಯುವ ಕಾಳು’. ಮಣ್ಣಿನೊಳಗಿನ ಆ ಕಾಳಿಗೆ ದ್ಯುತಿಸಂಶ್ಲೇಷಣೆಯಿಂದ ನೇರ ಬಾಣ ಎಳೆದವರು ಯಾರು, ಶೇಖರವಾದ ಆಹಾರದ ಮೂಲಕ ಉಸಿರಾಟಕ್ಕೆ ಎಳೆದವರು ಯಾರು ಎಂಬುದು ಹತ್ತು ನಿಮಿಷದಲ್ಲಿ ಗೊತ್ತಾಯಿತು.