ಒಂದೇ ಹಲ್ಲು ತಾನೇ!

ಐದು ವರ್ಷಗಳ ಹಿಂದೆ ಸವಣೂರಿನಲ್ಲಿ ಕೆಳಗಿನ ದವಡೆ ಹಲ್ಲೊಂದನ್ನು ಕೀಳಿಸಿದ್ದೆ. ‘ಒಂದೇ ಹಲ್ಲು ತಾನೇ, ಯಾರಿಗೆ ಕಾಣುತ್ತದೆ?’ ಎಂದರು ಅತ್ತೆ. ನಾನೂ ಸುಮ್ಮನಾದೆ.

ಕಳೆದ ರಮಝಾನಿನಲ್ಲಿ ಇಫ್ತಾರ್‌ಗೆ ತಿಂದದ್ದೆಲ್ಲ ಅಲ್ಲೇ ಸಿಕ್ಕಿಕೊಳ್ಳತೊಡಗಿತು. ಹುಬ್ಬಳ್ಳಿಯ ದಂತವೈದ್ಯೆ ಕನ್ನಡಿ ಹಿಡಿದು ತೋರಿಸಿದರು. ಹಿಂದಿನ ಹಲ್ಲು ಖಾಲಿ ಜಾಗಕ್ಕೆ ವಾಲಿತ್ತು. ಎದುರು ಜೊತೆಯಿಲ್ಲದ ಮೇಲಿನ ಹಲ್ಲು ಕೆಳಗಿಳಿದಿತ್ತು.

‘ಬ್ರಿಜ್ ಕೆಲವೇ ವಾರಗಳಲ್ಲಿ ಮುಗಿಯುತ್ತದೆ. ಆದರೆ ಎರಡೂ ಪಕ್ಕದ ಹಲ್ಲುಗಳನ್ನು ತೇಯ್ದು ಕ್ಯಾಪ್ ಹಾಕಬೇಕು. ತೇಯ್ದದ್ದು ಮತ್ತೆ ಬೆಳೆಯುವುದಿಲ್ಲ. ಅವು ಮೊದಲೇ ಹಾಳಾಗಿದ್ದರೆ ಬ್ರಿಜ್ ಸರಿ. ನಿಮ್ಮವು ಗಟ್ಟಿಯಾಗಿವೆ’ ಎಂದರು. ಇಂಪ್ಲಾಂಟ್ ಆದರೆ ಪಕ್ಕದ ಹಲ್ಲುಗಳನ್ನು ತೇಯಬೇಕಿಲ್ಲ. ದವಡೆಯ ಎಲುಬಿಗೆ ಟೈಟಾನಿಯಂ ಸ್ಕ್ರೂ ಕೂರಿಸಿ, ಅದು ಬೆಸೆದುಕೊಳ್ಳಲು 3-4 ತಿಂಗಳು ಕಾದು, ಮೇಲೆ ಹಲ್ಲು ಕೂರಿಸುತ್ತಾರೆ. ಖರ್ಚು ಹೆಚ್ಚು, ಎಲುಬೂ ಸಾಕಷ್ಟಿರಬೇಕು.

ನಾನು ಇಂಪ್ಲಾಂಟ್ ಒಪ್ಪಿದೆ. ಆದರೆ ಕೂರಿಸಲು ಜಾಗವೇ ಉಳಿದಿರಲಿಲ್ಲ! ವಾಲಿದ ಹಲ್ಲಿಗೆ ತಂತಿ ಕಟ್ಟಿ ನೆಟ್ಟಗೆ ಮಾಡಲು ಆರು ತಿಂಗಳು ಹಿಡಿಯಿತು. ಇಳಿದ ಮೇಲಿನ ಹಲ್ಲನ್ನೂ ಸ್ವಲ್ಪ ತೇಯಬೇಕಾಯಿತು.

ಮೊನ್ನೆ ಹಿರೇಕೆರೂರಿನ ತಂಗಿ ಹಲ್ಲು ಕೀಳಿಸುತ್ತೇನೆಂದು ಫೋನ್ ಮಾಡಿದಳು. ‘ಕೀಳಿಸುವ ದಿನವೇ, ಆ ಜಾಗಕ್ಕೆ ಏನು, ಯಾವಾಗ ಎಂದು ಕೇಳಿಕೊಂಡು ಬಾ’ ಎಂದೆ.